ಒಂದು ‘ಎಸ್’ ಕಮ್ಮಿ ಇದ್ದ ಅರ್ಜಿ

ಮಂಡ್ಯದ ಆ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬು ಸಂಜೆ ನಾಲ್ಕೂವರೆಗೆ ಮುಚ್ಚುತ್ತದೆ ಅಂದರೆ ಮುಚ್ಚುತ್ತದೆ. ಆಮೇಲೆ ಬಂದವನು ಪ್ರಿನ್ಸಿಪಾಲರ ಅಳಿಯನಾದರೂ ನಾಳೆ ಬರಬೇಕು. ಈ ಕಟ್ಟುನಿಟ್ಟಿನ ಒಡೆಯ ಲ್ಯಾಬ್ ಇನ್‌ಚಾರ್ಜ್ ಚಲುವರಾಜು. ಮದ್ದೂರಿನಿಂದ ದಿನಾ ರೈಲಿನಲ್ಲಿ ಬಂದುಹೋಗುವ ಮನುಷ್ಯ. ಸಂಜೆಯ ರೈಲು ತಪ್ಪಿದರೆ ಬಸ್ಸಿನಲ್ಲಿ ನಿಂತು ಹೋಗಬೇಕು, ನಿಂತರೆ ಸೊಂಟ ಹಿಡಿಯುತ್ತದೆ, ಸೊಂಟ ಹಿಡಿದರೆ ಹೆಂಡತಿ ವೀಣ ಎಣ್ಣೆ ತಿಕ್ಕುತ್ತಾ ಬೈಯುತ್ತಾಳೆ. ಹಾಗಾಗಿ ಲ್ಯಾಬಿನ ವೇಳಾಪಟ್ಟಿ ಅಂದರೆ ಬರೀ ನಿಯಮ ಅಂದುಕೊಳ್ಳಬೇಡಿ, ಅದರ ಹಿಂದೆ ಒಂದು ಸೊಂಟವಿದೆ.

ಆ ಲ್ಯಾಬಿನಲ್ಲಿ ಆಸಿಲೋಸ್ಕೋಪುಗಳು ನಾಲ್ಕು. ತಂತಿಯಲ್ಲಿ ವೋಲ್ಟೇಜು ಕ್ಷಣಕ್ಷಣಕ್ಕೂ ಹೇಗೆ ಏರಿಳಿಯುತ್ತದೆ ಅಂತ ಪರದೆಯ ಮೇಲೆ ಗೆರೆ ಎಳೆದು ತೋರಿಸುವ ಯಂತ್ರ ಅದು. ಎರಡು ರಿಪೇರಿಗೆ ಹೋದವು ಹೋದವೇ. ಒಂದು ಜೂನಿಯರ್ ಹುಡುಗರ ಪಾಲಿಗೆ. ನಾಲ್ಕನೆಯದು ಹೊಸದು, ವೀಣಳ ಹಳೇ ಸೀರೆಯ ತುಂಡು ಹೊದ್ದುಕೊಂಡು ಬೀರುವಿನಲ್ಲಿ ಕೂತಿತ್ತು. ಅದನ್ನು ಬಾಣಂತಿಯ ಹಾಗೆ ಕಾಪಾಡುತ್ತಿದ್ದವರು ಚಲುವರಾಜು.

ಇಂಥವರ ಮುಂದೆ ಸೋಮವಾರ ಬೆಳಿಗ್ಗೆ ಅರ್ಜಿ ಹಿಡಿದು ಬಂದು ನಿಂತವಳು ಕೊನೆಯ ವರ್ಷದ ಶೋಭಿತಾ. ಮಳವಳ್ಳಿ ಕಡೆಯ ಹುಡುಗಿ. ಜೊತೆಗೆ ಅವಳ ಪ್ರಾಜೆಕ್ಟಿನ ಪಾಲುದಾರ ರಘುನಂದನ್, ಅವಳ ಬೆನ್ನ ಹಿಂದೆ. ಫೋನಿನಿಂದ ಹೊಲದ ಮೋಟರು ಆನ್ ಮಾಡುವ ಪೆಟ್ಟಿಗೆ ಅವರ ಪ್ರಾಜೆಕ್ಟು. ಸುಮ್ಮನಿದ್ದಾಗ ಎಲ್ಲಾ ಸರಿ. ಆದರೆ ಮೋಟರಿನ ಸ್ವಿಚ್ಚಾದ ರಿಲೇ ‘ಟಕ್’ ಅಂತ ಎಳೆದುಕೊಂಡ ಕೂಡಲೇ ಪೆಟ್ಟಿಗೆಯ ಮಿದುಳಾದ ಕಂಟ್ರೋಲರ್ ರೀಸೆಟ್ ಆಗಿ, ಏನೂ ಗೊತ್ತಿಲ್ಲದವರಂತೆ ಮೊದಲಿಂದ ಶುರು ಮಾಡುತ್ತಿತ್ತು. ಮಲ್ಟಿಮೀಟರ್ ಹಿಡಿದರೆ ವೋಲ್ಟೇಜು ಸರಿಯಾಗೇ ಇದೆ ಅನ್ನುತ್ತಿತ್ತು. ಅದಕ್ಕೇ ಆ ಹೊಸ ಆಸಿಲೋಸ್ಕೋಪು ಬೇಕಿತ್ತು, ಹಗಲು ಕ್ಲಾಸು ಇರುವುದರಿಂದ ಸಂಜೆ ಹೊತ್ತು. ಮುಂದಿನ ಸೋಮವಾರವೇ ಹೊರಗಿನ ಪರೀಕ್ಷಕರು ಬರುವವರಿದ್ದರು. ಪೆಟ್ಟಿಗೆ ಅವತ್ತು ಓಡದಿದ್ದರೆ ಒಂದು ವರ್ಷದ ದುಡಿಮೆ ನೀರಲ್ಲಿ ಹೋಮ ಮಾಡಿದ ಹಾಗೆ.

ಚಲುವರಾಜು ಕನ್ನಡಕ ಏರಿಸಿ ಅರ್ಜಿ ಓದಿದರು. “ಗೈಡ್ ಸೈನ್ ಎಲ್ಲಮ್ಮ?”

ಮಂಗಳವಾರ ಗೈಡ್ ಮೇಷ್ಟ್ರ ಸೈನ್ ಬಂತು. “ಲ್ಯಾಬ್ ಹೆಚ್ಚು ಹೊತ್ತು ಬೇಕು ಅಂತ ಬರ್ದಿದೀರ. ಯಾವತ್ತಿಂದ ಯಾವತ್ತಿಗೆ? ಎಷ್ಟು ಗಂಟೆವರ್ಗೆ? ಇಬ್ಬರ ರಿಜಿಸ್ಟರ್ ನಂಬರ್ ಎಲ್ಲಿ?”

ಬುಧವಾರ ತಾರೀಕು, ಗಂಟೆ, ನಂಬರು ಎಲ್ಲಾ ಬಂದವು. ಚಲುವರಾಜು ಕೆಂಪು ಪೆನ್ನು ತೆಗೆದರು. ಅವರು ಒಂದು ಪದಕ್ಕೆ ಸುತ್ತು ಹಾಕಿದರು.

“ಆಸಿಲೋಸ್ಕೋಪ್ ಅನ್ನೋದ್ರಲ್ಲಿ ಎಸ್ ಎರಡು ಸಲ ಬರುತ್ತೆ ಕಣಮ್ಮ. ಮೊದಲ್ನೇದು ಎಲ್ಲೋಯ್ತು? ಹೆಸರು ಬರೆಯೋಕೆ ಬರದೇ ಇರೋರಿಗೆ ಲಕ್ಷ ರೂಪಾಯಿ ವಸ್ತು ಹೆಂಗೆ ಕೊಡ್ಲಿ?”

ಇದು ಅತಿಯಾಯಿತು. ಚಲುವರಾಜು ಕೆಟ್ಟವರಲ್ಲ, ಆದರೆ ಇದು ಅತಿ. ಎಸ್ ಇಲ್ಲದಿದ್ದರೆ ಯಂತ್ರ ಗೆರೆ ಎಳೆಯುವುದಿಲ್ಲವೇ? ನಿಜ ಏನೆಂದರೆ, ಸಂಜೆ ಲ್ಯಾಬು ತೆರೆದಿಡಬೇಕಾದರೆ ಸಿಬ್ಬಂದಿ ಒಬ್ಬರು ಜೊತೆಗಿರಲೇಬೇಕು, ಆ ಒಬ್ಬರು ತಾನೇ ಅಂತ ಅವರಿಗೆ ಗೊತ್ತಿತ್ತು. ಸೊಂಟ ಆಗಲೇ ಚುಳುಕ್ ಅಂದಿತ್ತು.

ಶೋಭಿತಾಳ ಕಣ್ಣಲ್ಲಿ ನೀರು ಬಂತು, ಆದರೆ ಮಳವಳ್ಳಿ ಬಾಯಿ ಸುಮ್ಮನಿರಲಿಲ್ಲ. “ಸಾರ್, ನಾವೇನು ಸ್ವಂತಕ್ಕೆ ಬರ್ದಿಲ್ಲ. ನಮ್ ಲ್ಯಾಬಿನ ಫೈಲಲ್ಲಿರೋ ಅರ್ಜಿ ನೋಡ್ಕೊಂಡೇ ಬರ್ದಿರೋದು. ಅದ್ರಲ್ಲೂ ಎಸ್ ಒಂದೇ ಇರೋದು. ಅವತ್ತು ಅದು ನಡೀತು, ಇವತ್ತು ಯಾಕ್ ನಡೆಯಲ್ಲ?” ಅಂದು ಫೋನು ಚಾಚಿದಳು.

“ಯಾವನವನು, ದಡ್ಡ ಶಿಖಾಮಣಿ,” ಅನ್ನುತ್ತಾ ಚಲುವರಾಜು ಫೋಟೋ ದೊಡ್ಡದು ಮಾಡಿದರು. ಕಾಗದ ಹಳದಿಯಾಗಿತ್ತು. ಅಕ್ಷರ ಬಲಕ್ಕೆ ವಾಲಿಕೊಂಡು ಓಡುತ್ತಿತ್ತು. ಕೆಳಗೆ ಸಹಿ: ಚಲುವರಾಜು, ಅಂತಿಮ ವರ್ಷ.

ಅವರು ಫೋನು ವಾಪಸ್ ಕೊಟ್ಟರು. ಕನ್ನಡಕ ತೆಗೆದು ಒರೆಸಿದರು. ಕನ್ನಡಕದಲ್ಲಿ ಕೊಳೆ ಇರಲಿಲ್ಲ.

“ಮರಿಸಿದ್ದಯ್ಯ, ಆ ಫೈಲ್ ತತ್ತಾ.”

ಮರಿಸಿದ್ದಯ್ಯ ಲ್ಯಾಬಿನ ಅಟೆಂಡರ್. ಚಲುವರಾಜು ಇಲ್ಲಿ ಓದುತ್ತಿದ್ದಾಗಲೂ ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಫೈಲು ತಂದು ಸರಿಯಾದ ಪುಟಕ್ಕೇ ತೆರೆದಿಟ್ಟ. ಚಲುವರಾಜು ಅರ್ಜಿಯ ಹಿಂಬದಿ ತಿರುಗಿಸಿದರು. ಹುಡುಗರು ಅದರ ಫೋಟೋ ತೆಗೆದಿರಲಿಲ್ಲ. ಅಲ್ಲಿ ಅಂದಿನ ಇನ್‌ಚಾರ್ಜ್ ಬರೆದಿದ್ದರು: ವೇಳೆ ಮೀರಿ ಉಳಿಯಲು ಸಿಬ್ಬಂದಿ ಇಲ್ಲ, ತಿರಸ್ಕರಿಸಿದೆ.

“ಇದು ನಡೆದಿರೋ ಅರ್ಜಿ ಅಲ್ಲ ಕಣಮ್ಮ,” ಅಂದರು. “ಬಿದ್ದೋಗಿರೋ ಅರ್ಜಿ ಕಾಪಿ ಹೊಡ್ದಿದೀರ ನೀವು.”

ರಘುನಂದನ್ ಮೊದಲ ಸಲ ಬಾಯಿ ಬಿಟ್ಟ. “ಆಮೇಲೆ ನಿಮ್ ಪ್ರಾಜೆಕ್ಟ್ ಏನಾಯ್ತು ಸಾರ್?”

ಇಪ್ಪತ್ತು ವರ್ಷ ಯಾರೂ ಕೇಳದ ಪ್ರಶ್ನೆ. ಚಲುವರಾಜು ಮಾಡಿದ್ದು ಕಬ್ಬಿನ ಗಾಡಿ ತೂಗುವ ಯಂತ್ರ. ಅಂಕಿ ನಿಲ್ಲುತ್ತಲೇ ಇರಲಿಲ್ಲ, ಕುಣಿಯುತ್ತಿತ್ತು. ಯಾಕೆ ಅಂತ ನೋಡೋಣವೆಂದರೆ ಆಸಿಲೋಸ್ಕೋಪ್ ಸಿಗಲಿಲ್ಲ. ಪ್ರದರ್ಶನದ ದಿನ ಪರೀಕ್ಷಕರು ಅದರ ಮೇಲೆ ಬರಿಗೈ ಇಟ್ಟರು. ಯಂತ್ರ ಮೂರು ಟನ್ ತೋರಿಸಿತು. ಕೋಣೆ ಪೂರ್ತಿ ನಕ್ಕಿತು. ಪಾಸೇನೋ ಆದರು, ಆದರೆ ಹಾಸ್ಟೆಲಿನಲ್ಲಿ ಕೊನೆವರೆಗೂ ಅವರ ಹೆಸರು ‘ಮೂರ್ಟನ್’. ಅಷ್ಟು ನೊಂದವರು ದಯಾವಂತರಾಗಬೇಕಿತ್ತು ಅಂತೀರಾ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೊಸೆ ಅತ್ತೆಯಾಗಿದ್ದಳು ಅಷ್ಟೆ.

ಚಲುವರಾಜು ಶೋಭಿತಾಳ ಅರ್ಜಿಯನ್ನು ಎಳೆದುಕೊಂಡು, ಬಿಟ್ಟುಹೋಗಿದ್ದ ಎಸ್ ತಾವೇ ಸೇರಿಸಿ, ಕೆಳಗೆ ಬರೆದರು: ಗುರುವಾರ, ಶುಕ್ರವಾರ, ಸಂಜೆ ಏಳರವರೆಗೆ ಅನುಮತಿಸಿದೆ. ಸಿಬ್ಬಂದಿ: ನಾನು.

ಗುರುವಾರ ಸಂಜೆ ಶೋಭಿತಾ ಇಶ್ಯೂ ರಿಜಿಸ್ಟರಿನಲ್ಲಿ ಸಹಿ ಹಾಕಿ ಐಡಿ ಕಾರ್ಡು ಒಪ್ಪಿಸಿದಳು. ಸೀರೆಯ ತುಂಡು ಸರಿಯಿತು. ದೂರದಲ್ಲಿ ಸಂಜೆಯ ರೈಲು ಕೂಗಿಕೊಂಡು ಹೋಯಿತು. ಚಲುವರಾಜು ಕಿವಿ ಕೇಳಿಸದವರಂತೆ ನಿಂತಿದ್ದರು.

“ಈ ಪ್ರೋಬ್ ತಂತಿಯ ಅರ್ತ್ ಕ್ಲಿಪ್ ಮೋಟರ್ ಲೈನಿನ ಹತ್ರ ಸುಳೀಬಾರ್ದು. ಅಲ್ಲಿಗೆ ತಗುಲಿಸಿದ್ರೆ ಯಂತ್ರವೂ ಹೋಗುತ್ತೆ, ನೀವೂ ಹೋಗ್ತೀರ. ಬರೀ ಕಂಟ್ರೋಲರ್ ಸಪ್ಲೈ ಮೇಲೆ ಇಡಿ. ವೋಲ್ಟೇಜ್ ಕುಸಿದ ಕೂಡ್ಲೇ ಹಿಡ್ಕೊಳ್ಳೋ ಹಂಗೆ ಟ್ರಿಗರ್ ಇಟ್ಟು, ‘ಸಿಂಗಲ್’ ಬಟನ್ ಒತ್ತಿ.”

ರಿಲೇ ‘ಟಕ್’ ಅಂದಿತು. ಪರದೆಯ ಮೇಲಿನ ಗೆರೆ ಒಂದು ಕಡೆ ಧೊಪ್ಪನೆ ಹಳ್ಳಕ್ಕೆ ಬಿದ್ದು ಮೇಲೆದ್ದು, ಹಾಗೇ ನಿಂತಿತು.

“ಅಯ್ಯೋ, ಕುಸೀತಿದೆ ಸಾರ್,” ಅಂದಳು ಶೋಭಿತಾ. “ಮೀಟರ್‌ನಲ್ಲಿ ಕಾಣ್ತಾನೇ ಇರ್ಲಿಲ್ಲ.”

“ಮೀಟರ್ ನಿಧಾನ ಕಣಮ್ಮ, ಅದು ಕಣ್ಣು ಬಿಡೋದ್ರೊಳಗೆ ಎಲ್ಲಾ ಮುಗ್ದಿರುತ್ತೆ. ರಿಲೇ, ಕಂಟ್ರೋಲರ್ ಎರಡನ್ನೂ ಒಂದೇ ಸಣ್ಣ ಅಡಾಪ್ಟರಿಗೆ ಕಟ್ಟಿದೀರ. ರಿಲೇ ಎಳ್ಕೊಂಡಾಗ ಕಂಟ್ರೋಲರಿಗೆ ಉಪವಾಸ.”

ರಿಲೇಗೆ ಬೇರೆ ಸಪ್ಲೈ ಕೊಟ್ಟರು. ಕಂಟ್ರೋಲರ್ ಪಕ್ಕದಲ್ಲೇ, ಕರೆಂಟು ಹಿಡಿದಿಟ್ಟುಕೊಂಡು ಬೇಕಾದಾಗ ಕೊಡುವ ಒಂದು ದೊಡ್ಡ ಕೆಪಾಸಿಟರ್ ಬೆಸೆದರು. ಟಕ್. ಗೆರೆ ಅಲುಗಲಿಲ್ಲ. ಐವತ್ತು ಸಲ ಟಕ್ ಅನಿಸಿದರು, ಪೆಟ್ಟಿಗೆ ಒಂದು ಸಲವೂ ರೀಸೆಟ್ ಆಗಲಿಲ್ಲ. ಚಲುವರಾಜುಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ತಮ್ಮ ಮೂರು ಟನ್ನೂ ಇಂಥದ್ದೇ ಯಾವುದೋ ಹಳ್ಳದಲ್ಲಿ ಬಿದ್ದಿತ್ತೇನೋ, ನೋಡುವವರೇ ಇರಲಿಲ್ಲ.

ಹುಡುಗರು ಹೋದ ಮೇಲೆ ಮರಿಸಿದ್ದಯ್ಯ ಬೀಗ ಹಿಡಿದು ನಿಂತ.

“ಅಲ್ಲಯ್ಯ, ಫೈಲಲ್ಲಿ ಎಷ್ಟು ಅರ್ಜಿ ಇದ್ದಾವು?”

“ಒಂದು ನಲವತ್ತು ಅವೆ ಸಾ.”

“ಅಷ್ಟರಲ್ಲಿ ನನ್ನದೇ ಸಿಕ್ತಾ ಅವರಿಗೆ?”

“ಅವ್ರಿಗೆಲ್ಲಿ ಸಿಕ್ತದೆ, ನಾನೇ ಉಡ್ಕಿ ಕೊಟ್ಟೆ. ಅವತ್ತು ನೀವು ಇದೇ ಬಾಗ್ಲಲ್ಲಿ ನಿಂತ್ಕಂಡು ‘ಅಣ್ಣಾ, ಒಂದ್ ಗಂಟೆ ಬೀಗ ತಗಿ’ ಅಂತ ಕೇಳುದ್ರಿ. ನಂಗೆ ಅಧಿಕಾರ ಇರ್ನಿಲ್ಲ. ಈಗ್ಲೂ ಇಲ್ಲ ಬುಡಿ. ಅದಕ್ಕೇ ಅಧಿಕಾರ ಇರೋರಿಗೆ ಅರ್ಜಿ ಕಳ್ಸುದೆ.”

ಚಲುವರಾಜು ಬೀರುವಿನ ಬಾಗಿಲು ಎಳೆದು ನೋಡಿದರು, ಬೀಗ ಬಿದ್ದಿತ್ತು.

“ಆ ಹಳೇದ್ರ ಮೇಲೂ ಒಂದ್ ಸೈನ್ ಹಾಕ್ಬುಡಿ ಸಾ,” ಅಂದ ಮರಿಸಿದ್ದಯ್ಯ, ಫೈಲು ಚಾಚಿ.

ಚಲುವರಾಜು ಕನ್ನಡಕ ಏರಿಸಿ ತಮ್ಮದೇ ಅರ್ಜಿಯನ್ನು ಮೇಲಿಂದ ಕೆಳಗೆ ಓದಿದರು. “ಹಾಕೋಕಾಗಲ್ಲ ಅಣ್ಣ,” ಅಂದರು. “ಇದ್ರಲ್ಲಿ ಗೈಡ್ ಸೈನೇ ಇಲ್ಲ.”

ಅಂದವರು ಬ್ಯಾಗು ಹೆಗಲಿಗೇರಿಸಿ, ಸೊಂಟದ ಮೇಲೊಂದು ಕೈ ಇಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಶುಕ್ರವಾರ ಏಳರವರೆಗೆ ಲ್ಯಾಬು ಮತ್ತೆ ತೆರೆದಿತ್ತು.