ಅಡ್ಡಪರದೆಯಲ್ಲಿ ನಮ್ಮ ಮಾವ

ನಮ್ಮ ಅತ್ತೆಯ ಬಾಯಿಂದ "ಚೆನ್ನಾಗಿದೆ" ಎನ್ನಿಸುವುದು ಯಾರಿಂದಲೂ ಆಗದ ಕೆಲಸ. ಹೋಳಿಗೆ ಬೆಣ್ಣೆಯಂತಿದ್ದರೂ "ಪರವಾಗಿಲ್ಲ" ಎನ್ನುತ್ತಾರೆ. ಮೊದಲ ಮೊಮ್ಮಗ ಹುಟ್ಟಿದಾಗ ತೊಟ್ಟಿಲಿಗೆ ಇಣುಕಿ ನೋಡಿ "ಪರವಾಗಿಲ್ಲ" ಎಂದವರು. ನನಗೆ ಅದೂ ಸಿಕ್ಕಿಲ್ಲ, ಆ ಮಾತು ಬೇಡ. ನಾನು ಹೇಳಹೊರಟಿರುವುದು ನನ್ನ ವಾರಗಿತ್ತಿ ಸುಮಿತ್ರಮ್ಮನ ವಿಷಯ. ಮೂವತ್ತಾರು ವರ್ಷ ಆ ಮನೆಯಲ್ಲಿ ಸೊಸೆಯಾಗಿದ್ದು, ಅತ್ತೆಯಿಂದ ಒಂದೇ ಒಂದು ಮೆಚ್ಚುಗೆಗೆ ಕಾದವಳು ಅವಳು.

ಅವಳ ಗಂಡ ಗಂಗಾಧರಪ್ಪ ನನ್ನ ಭಾವ. ತಿಪಟೂರಿನ ಕೊಬ್ಬರಿಯನ್ನು ಮದ್ರಾಸಿಗೆ ತರಿಸಿ ಮಾರುವುದು ಅವರ ಕಸುಬು, ಮನೆ ನುಂಗಂಬಾಕ್ಕಂನಲ್ಲಿ. ಮಗ ಶಿವಕಿರಣ್ ಪೆರುಂಗುಡಿಯ ಆಫೀಸಿಗೆ ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದು ಅಡುಗೆಮನೆಗೆ ಬಂತು. ಅದರಲ್ಲಿ ಸುಮಿತ್ರಕ್ಕ ವಿಡಿಯೋ ಮಾಡುವುದನ್ನು ಕಲಿತಳು. ಒಂದು ಕಡೆ ಸಾರು ಕುದಿಯುತ್ತಿರುತ್ತದೆ, ಇನ್ನೊಂದು ಕಡೆ ಯಾರದೋ ಸೀಮಂತದ ಫೋಟೋಗಳು ಹಾಡಿನ ಜೊತೆ ಓಡುತ್ತಿರುತ್ತವೆ. ಈ ಊರಿನ ನಮ್ಮ ಕನ್ನಡದವರ ಮನೆಗಳಲ್ಲಿ ನಾಮಕರಣವಿರಲಿ, ಗೃಹಪ್ರವೇಶವಿರಲಿ, "ಸುಮಿತ್ರಮ್ಮನ ವಿಡಿಯೋ ಇದೆಯಾ?" ಎಂದು ಕೇಳುವಷ್ಟು ಹೆಸರಾಯಿತು. ಅತ್ತೆ ಮಾತ್ರ ಒಂದನ್ನೂ ಪೂರ್ತಿ ನೋಡಿರಲಿಲ್ಲ.

ಈ ಸಲ ಅತ್ತೆಗೇ ಎಂಬತ್ತು ತುಂಬುತ್ತಿತ್ತು. ಸಭಾಂಗಣ ಗೊತ್ತಾಗಿತ್ತು, ವೇದಿಕೆಯ ಹಿಂದೆ ಗೋಡೆಯಗಲದ ಪರದೆಯೂ ಇತ್ತು. ಅಕ್ಕ ನೆಂಟರಿಷ್ಟರಿಗೆಲ್ಲ ಫೋಟೋ ಕಳಿಸಲು ಹೇಳಿದಳು. ಮೂವತ್ತೊಂದು ಬಂದವು. ಅಷ್ಟೂ ಫೋನನ್ನು ನೆಟ್ಟಗೆ ಹಿಡಿದು ತೆಗೆದವೇ.

ಅದಕ್ಕೆ ಕಾರಣ ಅತ್ತೆಯ ಕಟ್ಟಳೆ. ಮಾವ ಲಿಂಗೈಕ್ಯರಾಗಿ ಹನ್ನೊಂದು ವರ್ಷ. ಅವರ ಕಟ್ಟು ಹಾಕಿಸಿದ ಫೋಟೋ ಹಾಲಿನ ಗೋಡೆಯಲ್ಲಿ, ಫ್ಯಾನಿಗೆ ಸ್ವಲ್ಪ ಕೆಳಗೆ ತೂಗುತ್ತದೆ. ಅದರಡಿ ಕುರ್ಚಿ ಹಾಕಿಕೊಂಡು ಅತ್ತೆ ಕೂರುತ್ತಾರೆ. ಯಾರೇ ಫೋಟೋ ತೆಗೆಯಲಿ, ಮೇಲೆ ಅವರು ಬರಬೇಕು, ಕೆಳಗೆ ಇವರು ಬರಬೇಕು. ಫೋನನ್ನು ಅಡ್ಡ ಹಿಡಿದರೆ ಇಬ್ಬರಲ್ಲಿ ಒಬ್ಬರು ಹೋದರು. ಹಾಗೆ ಹಿಡಿದ ಅಳಿಯನೊಬ್ಬನಿಗೆ ಆ ದಿನ ಕಾಫಿ ಸಿಗಲಿಲ್ಲ.

ಉದ್ದದ ಫೋಟೋವನ್ನು ಅಡ್ಡ ಪರದೆಗೆ ಹಾಕಿದರೆ ಅದು ನಡುವೆ ಕಿರಿದಾಗಿ ನಿಲ್ಲುತ್ತದೆ, ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ. ಪರದೆಯ ಅರ್ಧಕ್ಕಿಂತ ಹೆಚ್ಚು ಕಪ್ಪೇ. ಭಾವ ಮೊದಲ ಫೋಟೋ ನೋಡಿದವರೇ ನಿಲ್ಲಿಸೆಂದರು. ಬೀದಿಗೋಡೆಗಳಲ್ಲಿ ತೀರಿಹೋದವರ ಕಪ್ಪು ಅಂಚಿನ ಕಣ್ಣೀರಂಜಲಿ ಪೋಸ್ಟರ್‌ಗಳನ್ನು ದಿನಾ ನೋಡುವವರು ಅವರು. ಬದುಕಿರುವ ತಾಯಿಯನ್ನು ಹಾಗೆ ಅಂಟಿಸುವುದು ಬೇಡವೆಂದರು. ಅದು ಸರಿಯಾದ ಮಾತೇ ಆಗಿತ್ತು.

ಆಗ ಅಕ್ಕ ಜಾಣ ಕತ್ತರಿಯ ಮೊರೆ ಹೋದಳು. ಒಂದು ಗುಂಡಿ ಒತ್ತಿದರೆ ಆ್ಯಪ್ ತಾನೇ ಮುಖ ಹುಡುಕುತ್ತದೆ, ಅದನ್ನು ಉಳಿಸಿಕೊಂಡು ಮೇಲೂ ಕೆಳಗೂ ಕತ್ತರಿಸಿ ಪರದೆ ತುಂಬಿಸುತ್ತದೆ. ಒತ್ತಿದಳು. ಮೊದಲ ಫೋಟೋದಲ್ಲಿ ಮಾವ ಬಂದರು. ಎರಡನೆಯದರಲ್ಲಿಯೂ ಮಾವ. ಮೂರನೆಯದರಲ್ಲಿ ಮಾವನ ಜೊತೆ ಟ್ಯೂಬ್‌ಲೈಟ್. ಮೂವತ್ತೊಂದರಲ್ಲಿ ಇಪ್ಪತ್ತೆರಡು ಕಡೆ ಮಾವನೇ! ಹುಟ್ಟುಹಬ್ಬದವರು ಉಳಿದದ್ದು ಒಂಬತ್ತರಲ್ಲಿ.

ಶಿವಕಿರಣ್ ಫೋನಿನಲ್ಲಿ ಕಾರಣ ಹೇಳಿದ. ಅದಕ್ಕೆ ನೇರ ನೋಡುವ, ಸ್ಪಷ್ಟವಾದ ಮುಖ ಬೇಗ ಸಿಗುತ್ತದಂತೆ. ತಾತ ಸ್ಟುಡಿಯೋದಲ್ಲಿ ವಿಭೂತಿ ಧರಿಸಿ ಕದಲದೆ ಕೂತವರು. ಅಜ್ಜಿಯಾದರೋ ಪ್ರತಿ ಫೋಟೋದಲ್ಲೂ ಪಕ್ಕಕ್ಕೆ ತಿರುಗಿ ಯಾರನ್ನೋ ಗದರುತ್ತಿರುತ್ತಾರೆ. ಕತ್ತರಿಸುವ ಚೌಕವನ್ನು ಕೈಯಿಂದ ಕೆಳಗೆಳೆದು ಅಜ್ಜಿಯ ಮೇಲೆ ನಿಲ್ಲಿಸಬಹುದು, ಆದರೆ ಆಗ ತಾತ ಹೋಗುತ್ತಾರೆ ಎಂದ. ಇತ್ತ ದರಿ, ಅತ್ತ ಪುಲಿ.

ಉಳಿದದ್ದು ಮಂಜಿನ ಹಿನ್ನೆಲೆ. ಫೋಟೋ ಪೂರ್ತಿಯಾಗಿ ನಡುವೆ ನಿಲ್ಲುತ್ತದೆ, ಅದರದೇ ಪ್ರತಿಯನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿ, ಮಸುಕಾಗಿಸಿ ಹಿಂದೆ ಇಡುತ್ತಾರೆ. ಮೇಲೆ ಮಾವ, ಕೆಳಗೆ ಅತ್ತೆ, ಪಕ್ಕದಲ್ಲಿ ಸೀರೆಯ ಬಣ್ಣದ ಹಿತವಾದ ಮಬ್ಬು. ಅಕ್ಕನಿಗೆ ನೆಮ್ಮದಿಯಾಯಿತು. ಸಮಾರಂಭಕ್ಕೆ ನಾಲ್ಕು ದಿನವಿರುವಾಗ ಹಾಲಿನ ಟಿವಿಯಲ್ಲಿ ಹಾಕಿ, ಅತ್ತೆಯನ್ನು ಕರೆದು ಕೂರಿಸಿದಳು. ನಾನೂ ರಾಯಪುರಂನಿಂದ ಎರಡು ಬಸ್ಸು ಬದಲಿಸಿ ಹೋಗಿದ್ದೆ. ಅವಳಿಗೆ "ಪರವಾಗಿಲ್ಲ" ಸಿಗುವುದನ್ನು ಕಣ್ಣಾರೆ ನೋಡುವ ಆಸೆ ನನ್ನದು, ಸುಳ್ಳೇಕೆ ಹೇಳಲಿ.

ಅತ್ತೆ ಎರಡು ಫೋಟೋ ನೋಡಿದರು. ಬಲಗಣ್ಣು ಮುಚ್ಚಿದರು, ಎಡಗಣ್ಣು ಮುಚ್ಚಿದರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಆಮೇಲೆ ಶಾಂತವಾಗಿ, ಆಪರೇಷನ್ ಕೆಟ್ಟಿದೆ ಎಂದರು.

ಕಣ್ಣಿನ ಪೊರೆ ತೆಗೆಸಿ ಮೂರೇ ವಾರವಾಗಿತ್ತು. ಯಾರ ವಿವರಣೆಯೂ ನಡೆಯಲಿಲ್ಲ. ಭಾವ ಆಟೋ ತಂದರು. ಆಸ್ಪತ್ರೆಯಲ್ಲಿ ಅತ್ತೆ ಅಕ್ಷರದ ಹಲಗೆಯ ಕೊನೆಯ ಸಾಲನ್ನೂ ಓದಿ, ಅದರ ಕೆಳಗೆ ಅಚ್ಚಾಗಿದ್ದ ಮುದ್ರಣಾಲಯದ ಹೆಸರನ್ನೂ ಓದಿದರು. ಕಣ್ಣು ಚೆನ್ನಾಗಿದೆ, ಏನು ನೋಡುವಾಗ ಮಬ್ಬಾಯಿತು ಎಂದು ಡಾಕ್ಟರು ಕೇಳಿದಾಗ ಅಕ್ಕ ಅಳುಕುತ್ತಾ ಫೋನಿನಲ್ಲಿ ವಿಡಿಯೋ ತೋರಿಸಿದಳು. ಡಾಕ್ಟರು ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು.

ಬೇಕೆಂದೇ ಮಸುಕು ಮಾಡಿದ್ದೆಂದು ತಿಳಿದಾಗ ಅತ್ತೆಗೆ ಬಂದ ಸಿಟ್ಟು ನೋಡಬೇಕಿತ್ತು.

"ದುಡ್ಡು ಕೊಟ್ಟು ಪೊರೆ ತೆಗ್ಸಿದೀನಿ. ನೀನು ಮತ್ತೆ ಪೊರೆ ಹಾಕ್ತೀಯಾ?"

ಮನೆಗೆ ಬಂದವಳೇ ಅಕ್ಕ ಅಡುಗೆಮನೆ ಸೇರಿ ಲ್ಯಾಪ್‌ಟಾಪ್ ಮುಚ್ಚಿದಳು. ಇನ್ನು ಮುಟ್ಟುವುದಿಲ್ಲವೆಂದಳು, ಕಣ್ಣಲ್ಲಿ ನೀರಿತ್ತು. ನನಗೂ ಆಗ ಪಾಪ ಅನ್ನಿಸಿತು. ಅಷ್ಟರಲ್ಲಿ ಹಾಲಿನಿಂದ ಅತ್ತೆ ಕೂಗಿ, ಮಂಜಿಲ್ಲದ್ದು ಒಂದಾದರೂ ಇದೆಯೇ ಎಂದು ಕೇಳಿದರು. ಇದ್ದದ್ದು ಜಾಣ ಕತ್ತರಿ ಮಾಡಿಟ್ಟ ಮಾವನದು. ಕತ್ತರಿಸಿ ಬಿಸಾಕಿದ್ದು ನಿಮ್ಮನ್ನೇ ಎಂದು ಯಾವ ಬಾಯಲ್ಲಿ ಹೇಳುವುದು? ಅಕ್ಕ ಅದನ್ನೇ ಹಾಕಿ, ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು.

ಮಾವ ಟಿವಿ ತುಂಬ ಬಂದರು. ಮತ್ತೆ ಬಂದರು. ಇಪ್ಪತ್ತೆರಡು ಸಲ ಬಂದರು. ಅತ್ತೆ ಯಾರನ್ನೂ ಗದರಲಿಲ್ಲ, ಎದ್ದು ಟಿವಿಯ ಹತ್ತಿರ ಹೋದರು.

"ಇವ್ರಿಗೆ ಹುಬ್ಬಲ್ಲಿ ಗಾಯ ಇತ್ತಾ? ಇದ್ದಾಗ ನಿಂತು ನೋಡಕ್ಕೆ ನಾಚ್ಕೆ, ಹೋದ್ಮೇಲೆ ಅಷ್ಟೆತ್ತರಕ್ಕೆ ನೇತಾಕಿದ್ವಿ. ಇನ್ನೊಂದ್ಸಲ ಹಾಕಮ್ಮ."

ನಾಲ್ಕು ಸಲ ಹಾಕಿದೆವು. ಐದನೆಯ ಸಲಕ್ಕೆ ಭಾವ ಸ್ಟೂಲು ತಂದು ಕಟ್ಟನ್ನು ಇಳಿಸಿ, ಅತ್ತೆ ತೋರಿಸಿದಲ್ಲಿ, ಕುರ್ಚಿಯ ಪಕ್ಕಕ್ಕೆ ಅವರ ಭುಜದ ಮಟ್ಟದಲ್ಲಿ ಹೊಸ ಮೊಳೆ ಹೊಡೆದರು. ಆಗ ಅಕ್ಕ ಫೋನನ್ನು ಅಡ್ಡ ಹಿಡಿದಳು. ಪಟ್ಟಿಯಿಲ್ಲ, ಕತ್ತರಿಯಿಲ್ಲ, ಮಂಜಿಲ್ಲ, ಗಂಡ ಹೆಂಡತಿ ಇಬ್ಬರೂ ಹಿಡಿಸಿದರು. ಅದನ್ನು ವಿಡಿಯೋದ ಕೊನೆಗೆ ಸೇರಿಸಿದಳು. ಉಳಿದದ್ದರಲ್ಲಿ ಒಂದನ್ನೂ ಮುಟ್ಟಕೂಡದೆಂದು ಅತ್ತೆಯ ಅಪ್ಪಣೆಯಾಯಿತು.

ಸಮಾರಂಭದಲ್ಲಿ ಹದಿನೈದು ಅಡಿಯ ಮಾವ ಪರದೆಯ ಮೇಲೆ ಬರತೊಡಗಿದಾಗ ಸಭೆ ಗೊಂದಲಕ್ಕೆ ಬಿತ್ತು. ಕೊಬ್ಬರಿ ಮಂಡಿಯ ತಮಿಳು ಹಿರಿಯರೊಬ್ಬರು ಪುಣ್ಯತಿಥಿಯೆಂದು ತಿಳಿದು, ಊಟ ಬಿಟ್ಟು ಭಾವನ ಕೈಹಿಡಿದು ಸಾಂತ್ವನ ಹೇಳಿದರು. ಇನ್ನಿಬ್ಬರು ಎದ್ದು ಮೌನವಾಗಿ ನಿಂತರು. ಅಕ್ಕ ನಾಚಿಕೆಯಿಂದ ಕಂಬದ ಹಿಂದೆ ಸರಿದಳು. ವೇದಿಕೆಯ ಮೇಲೆ ಪರದೆಯ ಕಡೆಗೇ ತಿರುಗಿ ಕೂತಿದ್ದ ಅತ್ತೆಯನ್ನು ಆ ಹಿರಿಯರು, ಯಾರಮ್ಮಾ ಇದನ್ನು ಮಾಡಿದ್ದು ಎಂದು ಕೇಳಿದರು.

ಅತ್ತೆ ಪರದೆಯಿಂದ ಕಣ್ಣು ಕೀಳಲಿಲ್ಲ.

"ನನ್ ಮಗಳು," ಎಂದರು. "ಅಲ್ಲಿ ಕಂಬದ್ ಹಿಂದೆ ನಿಂತವ್ಳೆ ನೋಡಿ."