ಅಂಬಾಬಾಯಿಯ ತುರುಬು, ತವರಿನ ಗುಲಾಬಿ

ಅಂಬಾಬಾಯಿ ಅರಿಷಿಣ-ಕುಂಕುಮಕ್ಕೆಂದು ಹೊರಟರೆ ಸಪ್ತಾಪುರದ ಹಿತ್ತಲುಗಳಲ್ಲಿ ಗಿಡಗಳು ನಡುಗುತ್ತಿದ್ದವಂತೆ. ನಾನು ನೋಡಿಲ್ಲ, ಆದರೆ ನೋಡಿದವರನ್ನು ನೋಡಿದ್ದೇನೆ. ಆಕೆ ಮನೆಯೊಳಗೆ ಹೋಗುವಾಗ ತುರುಬಿನಲ್ಲಿ ಬರೀ ಹೂವಿರುತ್ತಿತ್ತು. ಹೊರಗೆ ಬರುವಾಗ ಹೂವಿನ ಜೊತೆಗೆ ಒಂದು ಟೊಂಗೆ. ದಾಸವಾಳವೋ, ಜಾಜಿಯೋ, ಹೆಸರೇ ಗೊತ್ತಿಲ್ಲದ್ದೋ. ಮನೆಗೆ ಬಂದು ಅದನ್ನು ತುರುಬಿನಿಂದ ತೆಗೆದು ನೆಲಕ್ಕೆ ಊರಿದರೆ ಮುಗಿಯಿತು, ಮುಂದಿನ ಮಳೆಗಾಲಕ್ಕೆ ಅದು ಗೋಡೆ ಹತ್ತಿ ಬೀದಿಯವರನ್ನು ಇಣುಕುತ್ತಿತ್ತು.

ತುರುಬಿನ ಈ ಪವಾಡಕ್ಕೆ ಭಾಷ್ಯಕಾರರೂ ಹುಟ್ಟಿಕೊಂಡಿದ್ದರು. ಆಕೆ ತಲೆಗೆ ಹಚ್ಚುವ ಎಣ್ಣೆಯಲ್ಲಿ ಗುಟ್ಟಿದೆ ಎಂದು ಹೆಂಗಸರ ಪಕ್ಷ. ಗುಟ್ಟಿರುವುದು ಕದಿಯುವುದರಲ್ಲಿ, ಕದ್ದ ಟೊಂಗೆ ಮಾತ್ರ ಬೇರು ಬಿಡುತ್ತದೆ ಎಂದು ಗಂಡಸರ ಪಕ್ಷ. ಓಣಿಯ ಸೊಸೆಯೊಬ್ಬಳು ಎಣ್ಣೆ ಕೇಳಿಕೊಂಡು ಬಂದು ಬೋಗನ್‌ವಿಲ್ಲಾದ ಕಡ್ಡಿಗೆ ತಿಕ್ಕಿದ್ದಳು. ಕಡ್ಡಿ ಒಣಗಿತು, ಸೊಸೆಯ ಕೂದಲು ಮಾತ್ರ ಚೆನ್ನಾಗಿ ಬೆಳೆಯಿತು. ಅಂಬಾಬಾಯಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಆ ತುರುಬಿನ ಮೊದಲ ಬೇಟೆ ಒಂದು ಗುಲಾಬಿ. ಮದುವೆಯಾಗಿ ಮೀರಜದ ತವರು ಬಿಟ್ಟು ಹೊರಟ ದಿನ ಅಂಗಳದ ಗಿಡದಿಂದ ಮುರಿದು ತುರುಬಿಗೆ ಸಿಕ್ಕಿಸಿಕೊಂಡು ಬಂದದ್ದು. ಆಮೇಲೆ ತವರುಮನೆ ಮಾರಾಟವಾಯಿತು, ಅಂಗಳದ ಮೇಲೆ ಅರಳೆ ಹಿಂಜುವ ಗಿರಣಿ ಎದ್ದಿತು. ಹೀಗಾಗಿ ಆ ತೆಳುಗೆಂಪು ಬಣ್ಣ, ಆ ವಾಸನೆ ಜಗತ್ತಿನಲ್ಲಿ ಉಳಿದದ್ದು ಸಪ್ತಾಪುರದ ಒಂದೇ ಹಿತ್ತಲಿನಲ್ಲಿ, ಬಾವಿಯ ಪಕ್ಕದಲ್ಲಿ. ದಿನಾ ಬೆಳಿಗ್ಗೆ ಅದರ ಒಂದು ಹೂವು ದೇವರಿಗೆ, ಒಂದು ತುರುಬಿಗೆ. ಗಂಡ ತ್ರ್ಯಂಬಕರಾಯರಿಗೆ ಮುಟ್ಟುವ ಅಧಿಕಾರವಿರಲಿಲ್ಲ.

ತ್ರ್ಯಂಬಕರಾಯರು ಕಚೇರಿಯಲ್ಲಿ ಹೆಡ್ ಕ್ಲಾರ್ಕ ಆಗಿ ನಿವೃತ್ತರಾದವರು. ಮೂರು ಮಂದಿ ಕಲೆಕ್ಟರರನ್ನು ಅಲುಗದೆ ಎದುರಿಸಿದ್ದರು. ಹೆಂಡತಿಯ ಮುಂದೆ ಮಾತ್ರ ಕನ್ನಡಕ ಒರೆಸುತ್ತಿದ್ದರು.

ಯುದ್ಧದ ಕಾಲ. ಮೃಗಶಿರಾ ಮಳೆ ಶುರುವಾದ ವಾರ ಅಂಬಾಬಾಯಿ ಮಗಳು ಮೃಣಾಲಿನಿಯ ಬಾಣಂತನಕ್ಕೆ ಪುಣೆಗೆ ಹೊರಟರು. ಟಾಂಗಾ ಹತ್ತಿದ ಮೇಲೆ ಹೇಳಿದ್ದು ಒಂದೇ ಮಾತು.

"ಗುಲಾಬಿಗೆ ಒರಲಿ ಹತ್ಯಾವ. ಬೇವಿನ ಹಿಂಡಿ ಹಾಕಸ್ರಿ. ನೀವು ಏನೂ ಮಾಡಬ್ಯಾಡ್ರಿ."

ಇದರಲ್ಲಿ ಕೊನೆಯ ವಾಕ್ಯವನ್ನು ರಾಯರು ಮರೆತರು. ಮಾರನೆಯ ಬೆಳಿಗ್ಗೆ ಸ್ನಾನ ಮುಗಿಸಿ ನೋಡಿದರೆ ಹಂಡೆಯಲ್ಲಿ ನೀರು ಕುದಿಯುತ್ತಿದೆ, ಗಿಡದ ಬುಡದಲ್ಲಿ ಒರಲೆ, ಎಂದರೆ ಗೆದ್ದಲು, ಹರಿದಾಡುತ್ತಿವೆ. ಕುದಿಯುವ ನೀರಿಗೆ ಒರಲೆ ಸಾಯುತ್ತದೆ ಎಂಬ ಸತ್ಯ ಮಿಂಚಿನಂತೆ ಹೊಳೆಯಿತು. ಒರಲೆ ಸತ್ತವು. ಒಂದೂ ಉಳಿಯಲಿಲ್ಲ. ವಿಜಯೋತ್ಸಾಹದಲ್ಲಿ ಎರಡು ಕಪ್ ಚಹಾ ಕುಡಿದು ಹಿತ್ತಲಿಗೆ ಬಂದಾಗ ಗಿಡದ ತುದಿಯ ಎಳೆ ಎಲೆಗಳು ತಲೆ ಬಾಗಿಸಿದ್ದವು.

ರಾಯರ ಅಣ್ಣನ ಮಗ ರಮಾಕಾಂತ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ. ಹೇಳಿ ಕಳಿಸಿದ ಕೂಡಲೇ ಸೈಕಲ್ಲಿನ ಮೇಲೆ ಬಂದ. ಬುಡದ ಮಣ್ಣು ಕೆದರಿ ಒಂದು ಬೇರನ್ನು ಉಗುರಿನಿಂದ ಕೆರೆದು ನೋಡಿದ.

"ಬೇರು ಬೆಂದಾವ ಕಾಕಾ. ಟೊಂಗಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಮುಟ್ಟೂದ್ರಾಗ ಕತ್ತರಸಬೇಕು. ನಾಳೆ ಅಂದ್ರ ಉಪಯೋಗಿಲ್ಲ."

"ಟೊಂಗಿ ಊರಿದ್ರ ಹತ್ತತಾವೇನೋ ರಮಾಕಾಂತಾ?"

"ಹತ್ತಿದ್ರ ಹತ್ತಬಹುದು."

"ಹಾಂಗನಬ್ಯಾಡೋ! ನಿನ್ನ ಕಾಕೂ ಬಂದ್ರ ನಾ ಎಲ್ಲಿ ಹೋಗ್ಲಿ?"

ಸಂಜೆಯೊಳಗೆ ಹಿತ್ತಲಿನಲ್ಲಿ ಯುದ್ಧಸಭೆ ನೆರೆಯಿತು. ಪಕ್ಕದ ಓಣಿಯಲ್ಲಿ ನಾರು-ಬೇರಿನ ಔಷಧ ಕೊಡುವ ಗುರುಸಿದ್ದಯ್ಯನವರು ಜೇನಿನ ಸೀಸೆ ಹಿಡಿದು ಬಂದರು. ಕಿರಾಣಿ ಅಂಗಡಿಯ ಬಡೇಸಾಬ ದಾಲ್ಚಿನ್ನಿ ಪುಡಿಯ ಪೊಟ್ಟಣ ತಂದ. ರಮಾಕಾಂತ ಪುಣೆಯ ಗೆಳೆಯನಿಂದ ಸಿಕ್ಕ ಒಂದು ಪುಟ್ಟ ಡಬ್ಬಿಯನ್ನು ಜೇಬಿನಿಂದ ತೆಗೆದ. ಒಳಗೆ ಬಿಳಿ ಪುಡಿ. ಅದರ ಹೆಸರು ಹಾರ್ಮೋನು ಎಂದ. ಗಿಡ ಬೇರು ಬಿಡಲು ತನ್ನ ಮೈಯೊಳಗೇ ಮಾಡಿಕೊಳ್ಳುವ ರಸವೊಂದಿದೆಯಂತೆ, ಇದು ಅಂಥದ್ದನ್ನೇ ಮನುಷ್ಯರು ತಯಾರಿಸಿದ್ದಂತೆ.

"ಜೇನು ಹುಣ್ಣು ಮಾಯಸ್ತೈತ್ರೀ," ಎಂದರು ಗುರುಸಿದ್ದಯ್ಯ. "ಕತ್ತರಿಸಿದ್ದೂ ಹುಣ್ಣ ಅಲ್ಲೇನು?"

"ನಮ್ಮ ಮಸಾಲಿ ಡಬ್ಬಿಗೆ ಎಂದಾರ ಬೂಸ್ಟು ಬಂದದ್ದು ನೋಡೀರೇನ್ರಿ?" ಎಂದ ಬಡೇಸಾಬ. "ಎಲ್ಲಾ ದಾಲ್ಚಿನ್ನಿ ಮಹಿಮಾ."

ರಾಯರಿಗೂ ಸ್ವಂತ ತರ್ಕವಿತ್ತು. "ಸುಟ್ಟ ಗಾಯಕ್ಕ ಲೋಳೆಸರ ಹಚ್ಚತೇವಿಲ್ಲೋ? ಇದಕ್ಕ ಬಿದ್ದದ್ದೂ ಕುದಿ ನೀರs."

ರಮಾಕಾಂತ ಜಗಳವಾಡಲಿಲ್ಲ. ಎಲ್ಲವೂ ಆಗಲಿ, ನೋಡೋಣ ಎಂದ. ಹರಿತವಾದ ಚಾಕುವನ್ನು ಬಿಸಿನೀರಿನಲ್ಲಿ ತೊಳೆದು, ಆಗಷ್ಟೇ ಹೂ ಬಿಟ್ಟು ಮುಗಿದಿದ್ದ, ಅತಿ ಎಳೆಯದೂ ಅತಿ ಬಲಿತದ್ದೂ ಅಲ್ಲದ ಟೊಂಗೆಗಳನ್ನು ಗೆಣ್ಣಿನ ಕೆಳಗೇ ಕೊಯ್ದ. ಕೆಳಗಿನ ಎಲೆ ತೆಗೆದು ಮೇಲೆ ಒಂದೆರಡು ಉಳಿಸಿದ. ಸಣ್ಣ ಕುಂಡಗಳಿಗೆ ತೊಳೆದ ಉಸುಕು ತುಂಬಿಸಿದ. ತನ್ನ ಪಾಲಿನ ಎರಡು ಟೊಂಗೆಗಳ ಕೊಯ್ದ ಬುಡವನ್ನು ಪುಡಿಗೆ ತಾಗಿಸಿ, ಕುಂಡದ ಅಂಚಿಗೆ ಟಕ್ ಟಕ್ ಎಂದು ಬಡಿದು ಹೆಚ್ಚಿನದನ್ನು ಉದುರಿಸಿ, ಕಡ್ಡಿಯಿಂದ ತೂತು ಮಾಡಿ ಕುಂಡಕ್ಕೊಂದರಂತೆ ಊರಿದ. ಜೇನು, ದಾಲ್ಚಿನ್ನಿ, ಲೋಳೆಸರ ಹಚ್ಚಿದವೂ ಒಂದೊಂದು ಕುಂಡ ಸೇರಿದವು. ಎಲ್ಲದರ ಮೇಲೆ ಬಡೇಸಾಬನ ಅಂಗಡಿಯ ಪೆಪ್ಪರಮಿಂಟಿನ ಗಾಜಿನ ಬರಣಿಗಳನ್ನು ಬೋರಲು ಹಾಕಿದ.

"ಆ ದುಬಾರಿ ಪುಡಿ ಯಾಕ ಝಾಡಿಸ್ತೀಯೋ?" ಎಂದು ರಾಯರು ಸಂಕಟಪಟ್ಟರು. ಅವನು ಕೈ ತೊಳೆಯಲು ಹೋದಾಗ ಎರಡು ಟೊಂಗೆಗಳನ್ನು ಡಬ್ಬಿಯಲ್ಲಿ ಅದ್ದಿ, ಚಟ್ನಿಪುಡಿಗೆ ರೊಟ್ಟಿ ಒತ್ತಿದಂತೆ ಒತ್ತಿ, ದಪ್ಪಗೆ ಮೆತ್ತಿ ಊರಿದರು.

ಆಗ ಗುರುಸಿದ್ದಯ್ಯನವರಿಗೆ ಕದಿಯುವ ವಿದ್ಯೆ ನೆನಪಾಯಿತು. ಸ್ವಂತ ಹಿತ್ತಲಿನಲ್ಲಿ ಕದಿಯುವುದು ಹೇಗೆ? ಉಪಾಯ ಹೊಳೆಯಿತು. ಉಳಿದಿದ್ದ ಟೊಂಗೆಗಳನ್ನು ಬಾವಿಕಟ್ಟೆಯ ಮೇಲಿಟ್ಟು ರಾಯರು ಬೆನ್ನು ತಿರುಗಿಸಿ ನಿಂತು ಆಕಾಶ ನೋಡಿದರು. ಬಡೇಸಾಬ ಸದ್ದಿಲ್ಲದೆ ಬಂದು ಎತ್ತಿಕೊಂಡು ಕಾಂಪೌಂಡ ಹಾರಿದ. ಮುಂಬಾಗಿಲಿನಿಂದ ಬಂದು ಮರಳಿ ಒಪ್ಪಿಸಿದ.

"ಮೂವತ್ತು ವರ್ಷ ಅಂಗಡಿ ಮಾಡೇನ್ರಿ ರಾಯರ, ಹಿಂಥಾ ಕಳವು ಮಾಡಿದ್ದಿಲ್ಲ," ಎಂದು ಏದುಸಿರು ಬಿಟ್ಟ. ಕದ್ದ ಮಾಲಿಗೆ ಔಷಧ ಬೇಡವೆಂದು ಅದನ್ನು ಹಾಗೆಯೇ ಒಂದು ಕುಂಡಕ್ಕೆ ಚುಚ್ಚಿ, ಬರಣಿ ಮುಚ್ಚಿ, ಬಾವಿಯ ಹಿಂದಿನ ನೆರಳಿಗೆ ಸರಿಸಿದರು. ಆಮೇಲೆ ಯಾರಿಗೂ ಅದರ ನೆನಪಾಗಲಿಲ್ಲ.

ಹಳೆಯ ಗಿಡ ವಾರ ತುಂಬುವುದರೊಳಗೆ ಕಪ್ಪಾಗಿ ನಿಂತಿತು. ಈಗ ಮೀರಜದ ಗುಲಾಬಿ ಎಂದರೆ ಆ ಕುಂಡಗಳಲ್ಲಿದ್ದ ಕಡ್ಡಿಗಳಷ್ಟೇ. ರಾಯರಿಗೆ ಊಟ ರುಚಿಸಲಿಲ್ಲ.

ಮೊದಲು ಬಿದ್ದದ್ದು ಜೇನಿನ ಕೋಟೆ. ಇರುವೆಗಳು ಸಾಲುಗಟ್ಟಿ ಬರಣಿಯ ಕೆಳಗೆ ನುಗ್ಗಿದವು. ಕಡ್ಡಿಯ ಬುಡ ಮುದುಡಿಕೊಂಡಿತ್ತು.

"ಸೌತಿಕಾಯಿಗೆ ಉಪ್ಪು ಹಾಕಿದ್ರ ನೀರು ಬಿಡತದಲ್ಲ, ಹಾಂಗs," ಎಂದ ರಮಾಕಾಂತ. "ಗಟ್ಟಿ ಜೇನು ಟೊಂಗಿ ನೀರು ಎಳಕೊಂಡದ. ಹುಣ್ಣು ಮಾಯಿಸೂದು ಬ್ಯಾರೆ, ಬೇರು ಬರಿಸೂದು ಬ್ಯಾರೆ."

ದಾಲ್ಚಿನ್ನಿಯ ಕಡ್ಡಿಗಳಿಗೆ ಬೂಸ್ಟು ಬರಲಿಲ್ಲ, ಬಡೇಸಾಬ ಹೇಳಿದ್ದು ಸುಳ್ಳಾಗಲಿಲ್ಲ. ಬೇರೂ ಬರಲಿಲ್ಲ. ಕೊಯ್ದ ಬಾಯಿ ಒಣಗಿ ಸೌದೆಯಾಗಿತ್ತು. "ಉಸುಕಿನ ಮ್ಯಾಲೆ ಉದರಿಸಿದ್ರ ಬೂಸ್ಟಿಗೆ ಛಲೋ ಆಗತಿತ್ತು, ಗಾಯಕ್ಕ ಹಚ್ಚಬಾರದಿತ್ತು," ಎಂದು ರಮಾಕಾಂತ ಹೇಳಿದಾಗ ಬಡೇಸಾಬ ಅರ್ಧ ಗೆದ್ದವನಂತೆ ಮೀಸೆ ತಿರುವಿದ. ರಾಯರು ದಪ್ಪಗೆ ಪುಡಿ ಮೆತ್ತಿದ್ದವು ಬುಡದಿಂದ ಕಪ್ಪಾಗಿ ಮೆತ್ತಗಾದವು. ಅದಕ್ಕೆ ಮಾತ್ರ ಅವರು ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ.

ಉಳಿದದ್ದು ಲೋಳೆಸರದ ಕುಂಡ ಮತ್ತು ರಮಾಕಾಂತನ ಎರಡು ಕುಂಡ. ಅವುಗಳ ಎಲೆ ಹಸಿರಾಗಿಯೇ ಇತ್ತು. ಹಸಿರಿದ್ದರೇನು, ಕೆಳಗೆ ಬೇರಿದೆಯೋ ಇಲ್ಲವೋ? ರಮಾಕಾಂತ ಮುಟ್ಟಬೇಡಿ ಎಂದು ಆಣೆ ಹಾಕಿಸಿದ್ದ. ಒಂದು ಮುಂಜಾನೆ ಪುಣೆಯಿಂದ ಕಾರ್ಡು ಬಂತು. ಮಗು ಚೆನ್ನಾಗಿದೆ, ಪಂಚಮಿ ಮುಗಿಸಿ ಹೊರಡುತ್ತೇನೆ. ರಾಯರು ಕಾರ್ಡನ್ನು ಜೇಬಿಗೆ ತುರುಕಿ ಹಿತ್ತಲಿಗೆ ನಡೆದರು. ಆಣೆ ಹಾಕಿದ್ದ ಕೈಯೇ ಬರಣಿ ಎತ್ತಿತು, ಪುಡಿ ಹಚ್ಚಿದ ಟೊಂಗೆಯೊಂದನ್ನು ಹಿಡಿದು ಎಳೆಯಿತು.

ಟೊಂಗೆ ಬರಲೊಲ್ಲದು. ಇನ್ನಷ್ಟು ಎಳೆದರು. ಕಿರಕ್ಕೆಂದು ಬಂತು. ಬುಡದಲ್ಲಿ ಬೆಳ್ಳಗಿನ ಎಳೆ ಬೇರುಗಳು ಹರಿದು ಜೋಲುತ್ತಿದ್ದವು. ಬೇರು ಬಂದಿದ್ದವು! ಅವುಗಳನ್ನು ಕಿತ್ತದ್ದು ತಾವೇ.

ರಾಯರು ಬಾವಿಕಟ್ಟೆಯ ಮೇಲೆ ಕುಸಿದರು. ಸಂಜೆ ಬಂದ ರಮಾಕಾಂತ ಬೈಯಲಿಲ್ಲ. ಪುಡಿಯದರಲ್ಲಿ ಉಳಿದ ಒಂದೇ ಕುಂಡವನ್ನು ನೋಡಿ, "ಇದನ್ನ ಮುಟ್ಟಿದ್ರ ಕಾಕೂಗ ನಾನs ಹೇಳ್ತೇನಿ," ಎಂದು ಹೋದ. ಅಂದಿನಿಂದ ರಾಯರು ಆ ಕುಂಡದ ಎದುರು ಕುರ್ಚಿ ಹಾಕಿಕೊಂಡು, ತಮ್ಮ ಕೈಗಳನ್ನು ತಾವೇ ಕಂಕುಳಲ್ಲಿ ಬಂಧಿಸಿ ಕಾವಲು ಕೂತರು. ಶತ್ರು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪಂಚಮಿ ಮುಗಿಯಿತು. ಟಾಂಗಾ ಬಂತು. ಅಂಬಾಬಾಯಿ ಇಳಿದವರೇ ಕಾಲು ತೊಳೆಯಲು ಹಿತ್ತಲಿಗೆ ನಡೆದರು. ಗುರುಸಿದ್ದಯ್ಯ, ಬಡೇಸಾಬ, ರಮಾಕಾಂತ, ಗೋಡೆಯಾಚೆ ನಾವು ಕೆಲವರು, ಎಲ್ಲರೂ ಉಸಿರು ಹಿಡಿದೆವು. ಬಾವಿಯ ಪಕ್ಕದ ಕಪ್ಪು ಕಡ್ಡಿಯನ್ನು ನೋಡಿ ಆಕೆ ನಿಂತುಬಿಟ್ಟರು. ತಂಬಿಗೆಯಿಂದ ನೀರು ಸುಮ್ಮನೆ ಸುರಿಯುತ್ತಿತ್ತು.

"ನಾನs ಕುದಿನೀರು ಹಾಕಿದೆ," ಎಂದರು ರಾಯರು. ಕನ್ನಡಕ ಒರೆಸಲಿಲ್ಲ. "ಒರಲಿ ಸತ್ತುವು."

ಅಂಬಾಬಾಯಿ ತಂಬಿಗೆ ಕೆಳಗಿಟ್ಟರು. ಬರಣಿ ತೆಗೆದು ಪುಡಿಯ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿದರು. ರಾಯರು ಕಣ್ಣು ಮುಚ್ಚಿದರು. ಆಕೆ ಟೊಂಗೆಯನ್ನು ಎಳೆಯಲಿಲ್ಲ. ಕುಂಡವನ್ನು ಮೇಲೆತ್ತಿ ತಳದ ತೂತು ನೋಡಿದರು. ಬಿಳಿ ಬೇರುಗಳ ಗೊಂಚಲು ಹೊರಗೆ ಇಣುಕುತ್ತಿತ್ತು. ಲೋಳೆಸರದ ಕುಂಡದ ತಳದಲ್ಲಿ ಒಂದೇ ಎಳೆ. ಆಮೇಲೆ ಬಾವಿಯ ಹಿಂದೆ ಹೊಳೆದ ಬರಣಿ ಕಂಡು ಕೈ ಚಾಚಿ, ನಾವೆಲ್ಲ ಮರೆತಿದ್ದ ಕಳವಿನ ಕುಂಡವನ್ನು ಹೊರಗೆಳೆದರು. ಅದರ ತಳದಲ್ಲೂ ಒಂದೇ ಎಳೆ.

"ಲೋಳೆಸರ ಹಚ್ಚಿದ್ದೂ ಅಷ್ಟs, ಏನೂ ಹಚ್ಚದ್ದೂ ಅಷ್ಟs," ಎಂದ ರಮಾಕಾಂತ. "ಪುಡಿದು ಮಾತ್ರ ಮುಂದದ."

"ಹಚ್ಚದ್ದಲ್ರೀ, ಕದ್ದದ್ದು!" ಎಂದು ಗುರುಸಿದ್ದಯ್ಯನವರು ಗರ್ಜಿಸಿದರು. "ಕಳವಿನ ಮಹಿಮಾ ನೋಡ್ರಿ!"

"ಕದ್ದಾಂವ ನಾ," ಎಂದು ಬಡೇಸಾಬ ನೆನಪಿಸಿದ.

ಅಂಬಾಬಾಯಿ ಮೂರೂ ಕುಂಡಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡರು. ಬೆವರೋ ಬೇರೇನೋ, ನಾವು ಗೋಡೆಯಾಚೆ ಇದ್ದೆವು. ಆಮೇಲೆ ಗಂಡನ ಕಡೆ ತಿರುಗಿ, "ಚಹಾ ಇಡ್ರಿ, ಎಲ್ಲಾರಿಗೂ," ಎಂದರು. ರಾಯರು ಮರುಜನ್ಮ ಪಡೆದವರಂತೆ ಅಡುಗೆಮನೆಗೆ ಓಡಿದರು.

ಇಷ್ಟಾದ ಮೇಲೆ ಗುರುಸಿದ್ದಯ್ಯನವರಿಗೆ ತಡೆಯಲಾಗಲಿಲ್ಲ. ಇಡೀ ಸಪ್ತಾಪುರ ವರ್ಷಗಟ್ಟಲೆ ಕೇಳಬೇಕೆಂದಿದ್ದುದನ್ನು ಕೈಮುಗಿದು ಕೇಳಿಯೇ ಬಿಟ್ಟರು.

"ಬಾಯಾರ, ಖರೇ ಹೇಳ್ರಿ. ನಿಮ್ಮ ತುರುಬಿನ್ಯಾಗ ಇಟ್ಟದ್ದೆಲ್ಲಾ ಹತ್ತತೈತಿ. ಎಣ್ಣಿಯೋ, ಕಳವೋ, ಮಂತ್ರವೋ?"

ಅಂಬಾಬಾಯಿ ತುರುಬು ಬಿಚ್ಚಿ, ಪುಣೆಯಿಂದ ಸಿಕ್ಕಿಸಿಕೊಂಡು ಬಂದಿದ್ದ ಬಾಡಿದ ಟೊಂಗೆಯೊಂದನ್ನು ತೆಗೆದು ಗೊಬ್ಬರದ ಗುಂಡಿಗೆ ಎಸೆದರು.

"ಎರಡೂ ಕೈಯಾಗ ಚೀಲ ಇರ್ತಾವ್ರಿ, ಮತ್ತೆಲ್ಲಿ ಇಟಗೊಳ್ಲಿ? ಹತ್ತು ತಂದ್ರ ಎರಡು ಹತ್ತತಾವ. ಸತ್ತದ್ದನ್ನ ನೋಡ್ಲಿಕ್ಕೆ ನೀವು ಯಾರೂ ಬರೂದಿಲ್ಲ."