ಮೇಟ್ ಬರೆದ ಕಾಗದ, ಮಾಮಾ ಹಿಡಿದ ಗಾಜು

ಬಡ್ತಿ ಕೇಳಲು ಹೊರಟವರು ಈಗಲೂ ನನ್ನ ಹತ್ತಿರ ಬರುತ್ತಾರೆ. ಕಾರ್ಖಾನೆಯವರು, ಸೊಸೈಟಿಯವರು, ಒಮ್ಮೊಮ್ಮೆ ಬಸ್ ಡಿಪೋದವರು. ಚಹಾ ಕುಡಿಸಿ ಮೊದಲು ಇದನ್ನೇ ಹೇಳುತ್ತೇನೆ: ಎಷ್ಟು ವರ್ಷ ದುಡಿದೆ ಎಂದು ಬರೆಯಬೇಡ, ಆಫೀಸಿನ ಬೆಂಚೂ ಅಷ್ಟೇ ವರ್ಷದಿಂದ ಅಲ್ಲಿದೆ. ಮೇಲಿನ ಹುದ್ದೆಯ ಯಾವ ಕೆಲಸವನ್ನು ಈಗಾಗಲೇ ಮಾಡುತ್ತಿದ್ದೀ, ಅದರಿಂದ ಏನಾಯಿತು, ಕಣ್ಣಾರೆ ನೋಡಿದವರು ಯಾರು, ಅದನ್ನು ಬರೆ. ಅವರು ತಲೆ ಅಲ್ಲಾಡಿಸಿ ಏಳುವಾಗ ಮತ್ತೆ ಕೂರಿಸಿ ಇನ್ನೊಂದು ಹೇಳುತ್ತೇನೆ. ಬರೆದ ಪ್ರತಿ ಸಾಲಿಗೂ ಕೇಳಿಕೊ: ಈ ಕೆಲಸ ನಿಜಕ್ಕೂ ಯಾರದಾಗಿತ್ತು? ನೀನು ಮಾಡುವಾಗ ಅವರು ಎಲ್ಲಿದ್ದರು?

ಇದನ್ನು ಹೇಳುವಾಗ ನನ್ನ ದನಿ ಇಳಿಯುತ್ತದೆ ಎಂದು ಹೆಂಡತಿ ಅನ್ನುತ್ತಾಳೆ. ಇಳಿಯಲಿ.

ಎಂಬತ್ತರ ದಶಕದ ಕೊನೆಗೆ ನಾನು ರಾಯಬಾಗ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್ ಮೇಟ್ ಆಗಿದ್ದೆ. ಪ್ಯಾನ್ ಎಂದರೆ ಮನೆಯಷ್ಟು ಎತ್ತರದ ಉಕ್ಕಿನ ಪಾತ್ರೆ. ಗಟ್ಟಿ ಮಾಡಿದ ಕಬ್ಬಿನ ರಸ ಅದರೊಳಗೆ ಕುದ್ದು ಸಕ್ಕರೆಯ ಕಾಳು ಕಟ್ಟುತ್ತದೆ. ಕಾಳಿನ ಬೀಜ ಯಾವ ಗಳಿಗೆಗೆ ಹಾಕಬೇಕು, ರಸ ಎಷ್ಟು ಬಿಡಬೇಕು, ಯಾವಾಗ ಪಾಕವನ್ನು ಕೆಳಗೆ ಬಿಟ್ಟು ಪ್ಯಾನ್ ಇಳಿಸಬೇಕು ಎಂದು ಹೇಳುವವನು ಪ್ಯಾನ್‌ಮನ್. ಹೇಳಿದಂತೆ ವಾಲ್ವ್ ತಿರುಗಿಸುವವನು, ಪ್ಯಾನ್ ತೊಳೆಯುವವನು ಮೇಟ್. ಇಬ್ಬರ ನಡುವೆ ಪಗಾರದ ಅಂತರ ಬಹಳ, ಮಾನದ ಅಂತರ ಅದಕ್ಕಿಂತ ಬಹಳ. ಪ್ಯಾನ್‌ಮನ್ ಯಾರೇ ಇರಲಿ, ಆ ಮಹಡಿಯ ಮೇಲೆ ಎಲ್ಲರೂ ಅವನಿಗೆ 'ಮಾಮಾ' ಎನ್ನುವುದು ನಮ್ಮಲ್ಲಿ ರೂಢಿ.

ನಮ್ಮ ಮಾಮಾ ಯಡೂರಿನವರು. ಕನ್ನಡದಲ್ಲಿ ಬೈದು ಮರಾಠಿಯಲ್ಲಿ ಸಮಾಧಾನ ಹೇಳುವ ಮನುಷ್ಯ. ಪ್ಯಾನಿನಿಂದ ಒಂದು ಹನಿ ಪಾಕ ತೆಗೆದು ಗಾಜಿನ ತುಂಡಿನ ಮೇಲೆ ಹರಡಿ, ದೀಪಕ್ಕೆ ಹಿಡಿದು ಕಾಳು ನೋಡುವುದು ಅವರ ಕೆಲಸದ ಜೀವ. ಕಾಳು ಒಂದೇ ಸಮ ಇದ್ದರೆ ಸರಿ. ನಡುವೆ ಧೂಳಿನಂಥ ಹೊಸ ಕಾಳು ಹುಟ್ಟಿದ್ದರೆ ಕೂಡಲೇ ನೀರು ಕೊಟ್ಟು ಕರಗಿಸಬೇಕು. ಇಲ್ಲವಾದರೆ ಕೆಳಗಿನ ಮಷೀನಿನ ಜಾಳಿಗೆ ಕಟ್ಟಿಕೊಂಡು, ಸಕ್ಕರೆಯೂ ಕಾಕಂಬಿಯೂ ಬೇರೆಯೇ ಆಗುವುದಿಲ್ಲ.

ನಾನು ಸೇರಿದ ಹೊಸದರಲ್ಲಿ ಮಾಮಾ ಗಾಜನ್ನು ನನ್ನ ಮುಂದೆ ಹಿಡಿದು ಕೇಳುತ್ತಿದ್ದರು, "ಹೆಂಗ ಕಾಣ್ತೈತಿ?" ತಪ್ಪು ಹೇಳಿದರೆ, "ಕಣ್ಣೇನ್ ಸಂತ್ಯಾಗ ಮಾರಿ ಬಂದಿಯೇನಲೇ?" ಎಂದು ಬೈಗುಳ. ವರ್ಷಗಳು ಕಳೆದಂತೆ ನಾನು ಕಲಿತೆ. ಅವರು ಕೇಳುವುದು ಮಾತ್ರ ನಿಲ್ಲಲಿಲ್ಲ. ಕಬ್ಬು ಅರೆಯುವ ಒಂದು ಹಂಗಾಮಿನಲ್ಲಿ ನಾನು ತಮಾಷೆಗೆಂದು ಕಾಳು ಕೆಟ್ಟಿದ್ದರೂ "ಚೊಲೋ ಐತ್ರಿ ಮಾಮಾ" ಎಂದೆ. ಬೈಗುಳ ಬರಲಿಲ್ಲ. "ಹಂಗಾರ ರಸಾ ಬಿಡು" ಎಂದರು. ನನ್ನ ಕೈ ವಾಲ್ವಿನ ಮೇಲೆ ಹಾಗೆಯೇ ನಿಂತಿತು. ಎಂದಿನಿಂದಲೋ ಅವರು ನನ್ನನ್ನು ಪರೀಕ್ಷಿಸುತ್ತಿರಲಿಲ್ಲ, ಕಾಳು ಕಾಣದೆ ಕೇಳುತ್ತಿದ್ದರು.

"ಇಲ್ರಿ ಮಾಮಾ, ನಡುವ ಧೂಳ ಐತಿ, ನೀರು ಕೊಡಬೇಕು" ಎಂದೆ. "ಕೊಡು" ಎಂದರು. ಆ ದಿನದಿಂದ ಬೀಜ ಹಾಕುವುದು, ನೀರು ಕೊಡುವುದು, ಇಳಿಸುವುದು ಎಲ್ಲ ನನ್ನ ಲೆಕ್ಕಕ್ಕೆ ಬಂತು. ಅವರು ಪಕ್ಕದಲ್ಲಿ ನಿಂತು ಪ್ಯಾನಿನ ಸಪ್ಪಳ ಕೇಳುತ್ತಿದ್ದರು. ಇಬ್ಬರೂ ಈ ಮಾತು ಎತ್ತಲಿಲ್ಲ.

ಅಷ್ಟರಲ್ಲಿ ಕಾರ್ಖಾನೆ ಇನ್ನೊಂದು ಪ್ಯಾನ್ ಕೂಡಿಸಿತು. ಒಬ್ಬ ಪ್ಯಾನ್‌ಮನ್ ಬೇಕಾದ. ಕೊಲ್ಲಾಪುರ ಕಡೆಯಿಂದ ತರುತ್ತಾರೆ ಎಂಬ ಸುದ್ದಿ ಹಬ್ಬಿದ ದಿನವೇ ನಾನು ಚೀಫ್ ಕೆಮಿಸ್ಟ್ ಸಾಹೇಬರ ಮುಂದೆ ನಿಂತೆ. ಅವರು ಪೆನ್ನು ಕೆಳಗಿಡದೆ ಹೇಳಿದರು: "ಮೇಟ್ ಕೆಲಸಾ ಚೊಲೋ ಮಾಡ್ತಿ, ಖರೇ. ಆದ್ರ ಚೊಲೋ ಮೇಟ್ ಅಂದ್ರ ಪ್ಯಾನ್‌ಮನ್ ಅಲ್ಲ. ಪ್ಯಾನ್‌ಮನ್ ಕೆಲಸಾ ಏನೇನ್ ಮಾಡೀದಿ, ಅದನ್ನ ಬರಕೊಂಡು ಹಂಗಾಮ ಮುಗಿಯೂದ್ರಾಗ ಬಾ. ಮಾತಾಡೋಣ."

ಬೇರೆಯವನಾಗಿದ್ದರೆ ಅರ್ಜಿ ಗೀಚಿ ಕೊಡುತ್ತಿದ್ದ. ನಾನು ಚಿಕ್ಕೋಡಿ ಸಂತೆಯಲ್ಲಿ ಬೆಣ್ಣೆ ಮಾರುವ ತಾಯಿಯ ಮಗ. ಬೆಲೆ ಹೇಳುವ ಮೊದಲು ಬಟ್ಟೆ ಸರಿಸಿ ಮಾಲು ತೋರಿಸುವುದನ್ನು ಅವಳ ಬುಟ್ಟಿಯ ಪಕ್ಕ ಕೂತೇ ಕಲಿತವನು.

ಮಾಲು ಹುಡುಕಲು ಹೊರಟೆ. ಪ್ಯಾನಿನ ಲಾಗ್ ಬುಕ್ಕಿನಲ್ಲಿ ಅಕ್ಷರವೆಲ್ಲ ನನ್ನದೇ. ಆದರೆ ಪ್ರತಿ ಪುಟದ ಕೆಳಗೆ ಮಾಮಾನ ಸಹಿ. ಮೇಟ್ ಬರೆಯುವುದು, ಪ್ಯಾನ್‌ಮನ್ ಸಹಿ ಮಾಡುವುದು ಪದ್ಧತಿ. ಹಾಗಾಗಿ ಅದು ನನ್ನ ಕೈಬರಹಕ್ಕೆ ಸಾಕ್ಷಿ, ಕೆಲಸಕ್ಕಲ್ಲ. ಲ್ಯಾಬಿನಲ್ಲಿ ಪ್ರತಿ ಪ್ಯಾನ್ ಇಳಿದಾಗಿನ ಪರೀಕ್ಷೆಯ ಫಲ ಇತ್ತು. ಕಾಳು ಸಮ ಇತ್ತೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತದೆ, ಯಾರು ಕುದಿಸಿದರು ಎಂಬುದಿಲ್ಲ. ಉಳಿದವನು ಕೆಳಗಿನ ಮಷೀನಿನ ಆಳುಗಳ ಮೇಲ್ವಿಚಾರಕ, ಮುಕಾದಮ. ಕಾಳು ಕೆಟ್ಟಾಗಲೆಲ್ಲ ಮೆಟ್ಟಿಲ ಬುಡದಲ್ಲಿ ನಿಂತು ಕೂಗಾಡುವ ಮನುಷ್ಯ.

"ಕಾಳು ಕೆಟ್ಟಾಗ ನೀವು ಯಾರಿಗಿ ಬೈತಿದ್ರಿ, ಕಾಕಾ?" ಎಂದು ಕೇಳಿದೆ.

"ನಿನಗ. ಮತ್ತ್ಯಾರಿಗಿ ಬೈಲಿ?"

"ಮಾಮಾಗ ಯಾಕ ಬೈಲಿಲ್ಲ?"

"ಕುದಿಸಾಂವ ನೀ. ಬೈಸ್ಕೊಳ್ಳಾಕ ಅವ್ರನ್ನ ಕರೀಲೇನು?"

"ಅದನ್ನ ಬರದ ಕೊಡ್ರಿ."

ಅವನು ಹೊಟ್ಟೆ ಹಿಡಿದು ನಕ್ಕ. "ಬೈಗಳಾನೂ ಬರೀಲ್ಯಾ? ಸಾಹೇಬ್ರಿಗಿ ಓದಾಕ ನಾಚಿಕಿ ಬರ್ತೈತಿ ನೋಡಲೇ." ಆದರೂ ಎರಡು ಸಾಲು ಬರೆದು ಸಹಿ ಮಾಡಿದ. ಬೈಗುಳವನ್ನೇ ಶಿಫಾರಸಾಗಿ ಮಾಡಿಕೊಂಡವನು ಆ ಕಾರ್ಖಾನೆಯಲ್ಲಿ ನಾನೊಬ್ಬನೇ ಇರಬೇಕು.

ಇಷ್ಟಾದ ಮೇಲೆ ಬರೆಯಲು ಕೂತಾಗ ತೊಡಕು ಕಣ್ಣಿಗೆ ಬಿತ್ತು. ಮಾಮಾ ರಜೆ ಹೋದ ದಿನಗಳು ಬೆರಳೆಣಿಕೆಯವು. ಅವನ್ನಷ್ಟೇ ಬರೆದರೆ ಕಾಗದ ಖಾಲಿ ಕಾಣುತ್ತದೆ. ಉಳಿದ ಪ್ರತಿ ಪ್ಯಾನಿಗೂ ಅವರು ಪಕ್ಕದಲ್ಲೇ ಇದ್ದರು. ಮಾಮಾನನ್ನು ಕುರಿತು 'ಉಸ್ತಾದರು ಹೇಳಿದಂತೆ ಮಾಡಿದೆ' ಎಂದು ಬರೆದರೆ ಅದು ಮೇಟ್ ಕೆಲಸವೇ. 'ನಾನೇ ನೋಡಿ ಮಾಡಿದೆ' ಎಂದು ಬರೆದರೆ, ಪಕ್ಕದಲ್ಲಿದ್ದವರು ಯಾಕೆ ನೋಡಲಿಲ್ಲ ಎಂದು ಯಾರಾದರೂ ಕೇಳುತ್ತಾರೆ. ಮಾಮಾಗೆ ನಿವೃತ್ತಿಗೆ ಇನ್ನೂ ಕೆಲವು ಹಂಗಾಮು ಉಳಿದಿದ್ದವು. ಪ್ಯಾನಿನ ಮೇಲೆ ನಿಂತೇ ನಿವೃತ್ತಿಯ ಹಾರ ಹಾಕಿಸಿಕೊಳ್ಳಬೇಕೆಂದು ಹೇಳುತ್ತಲೇ ಇರುತ್ತಿದ್ದರು.

'ಉಸ್ತಾದರು ಹೇಳಿದಂತೆ' ಎಂದೇ ಬರೆದು, ವಾರದ ರಜೆಯ ದಿನ ಯಡೂರಿಗೆ ಹೋದೆ. ಮಾಮಾ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು, ಬೆರಳಿನಿಂದಲೇ ಜೊಳ್ಳು ತೆಗೆಯುತ್ತ.

"ಓದು," ಎಂದರು. ಓದಿದೆ. ನಡುವೆ ತಡೆದರು. "ಪಾಡ್ವಾ ಹಬ್ಬದ ಹಿಂದಿನ ದಿನ ಬೀಜಾ ಹಾಕಾಕ ತಡಾ ಮಾಡಿದ್ದಿ. ಅದನ್ಯಾಕ ಬರದಿಲ್ಲ?"

"ತಪ್ಪು ಯಾಕ ಬರೀಲಿ ಮಾಮಾ?"

"ತಪ್ಪು ಮಾಡಿ ಹೊಳ್ಳಿ ಸುದ್ದ ಮಾಡ್ದಿ. ಮೇಟ್‌ಗ ಅದು ಬರೂದಿಲ್ಲ. ಬರಿ ಅದನ್ನ." ಇನ್ನೊಂದು ಶೇಂಗಾ ಸುಲಿದರು. "ಮತ್ತ ಈ 'ಉಸ್ತಾದರು, ಉಸ್ತಾದರು' ಯಾಕ ಇಷ್ಟ ಸಲ? ಭಜನಿ ಏನಲೇ ಇದು? ತಗದ್ಹಾಕು."

"ತಗದ್ರ ಕೇಳ್ತಾರ್ರಿ."

"ಕೇಳ್ಲಿ. ಅವ್ರ ಬಾಯಿ, ಅವ್ರ ಪ್ರಶ್ನಿ."

ಸುಮ್ಮನೆ ತೆಗೆದುಹಾಕಲು ನನಗೆ ಮನಸ್ಸು ಬರಲಿಲ್ಲ. ಬದಲಿಗೆ ನನ್ನ ವ್ಯಾಪಾರಿ ತಲೆ ಇನ್ನೊಂದು ದಾರಿ ಹುಡುಕಿತು. ಮೇಟ್ ಆಗಿ ನಾನು ಹೆಚ್ಚಿನ ಕೆಲಸ ಮಾಡಿದಂತೆ ಪ್ಯಾನ್‌ಮನ್ ಆಗಿ ಮಾಮಾ ಕೂಡ ಮಾಡಿದ್ದರು. ಸುತ್ತಲಿನ ಕಾರ್ಖಾನೆಗಳಲ್ಲಿ ಈಗ ಪ್ಯಾನ್‌ಮನ್ ಆದ ಎಷ್ಟೋ ಜನ ಅವರ ಕೈ ಕೆಳಗೆ ಕಲಿತವರು. ಕಲಿಸುವುದಕ್ಕೆ ಅವರಿಗೆ ಯಾರೂ ಪಗಾರ ಕೊಟ್ಟಿರಲಿಲ್ಲ. 'ಉಸ್ತಾದರು' ತೆಗೆದು ನನ್ನ ಕೆಲಸವನ್ನು ಇದ್ದಂತೆ ಬರೆದು, ಎರಡನೆಯ ಹಾಳೆಯಲ್ಲಿ ಅವರು ಕಲಿಸಿದವರ ಹೆಸರು, ಊರು, ಈಗಿನ ಹುದ್ದೆ ಬರೆದೆ. ಹೊಸ ಪ್ಯಾನಿಗೆ ನನ್ನನ್ನು ಹಾಕಿ, ಹೊಸ ಮೇಟ್‌ಗಳಿಗೆ ಕಲಿಸಲು ಮಾಮಾನನ್ನು ಇರಿಸಿಕೊಳ್ಳಿ ಎಂದು ಕೇಳುವುದು ನನ್ನ ಹಂಚಿಕೆ. ಇಬ್ಬರ ಮಾಲನ್ನೂ ಒಂದೇ ಬುಟ್ಟಿಯಲ್ಲಿಟ್ಟು ಮಾರಿಬಿಡುತ್ತೇನೆಂದು ನಂಬಿದ್ದೆ.

ಮಾತುಕತೆಯ ದಿನ ಮಧ್ಯಾಹ್ನ ಸಾಹೇಬರು ಮಾಮಾನನ್ನೂ ಕರೆಸಿದರು. ಮೊದಲ ಹಾಳೆಯನ್ನು ಲ್ಯಾಬಿನ ರಿಜಿಸ್ಟರ್ ಪಕ್ಕ ಇಟ್ಟು ಸಾಲು ಸಾಲಾಗಿ ತಾಳೆ ನೋಡಿದರು. ಮುಕಾದಮನ ಚೀಟಿ ಓದಿ ತುಟಿಯಲ್ಲೇ ನಕ್ಕರು. ಪಾಡ್ವಾದ ಹಿಂದಿನ ದಿನದ ತಪ್ಪಿನ ಹತ್ತಿರ ಬೆರಳಿಟ್ಟು, "ಇದನ್ನ ನೀನಾಗೇ ಬರದಿ?" ಎಂದರು. "ಮಾಮಾ ಬರಿ ಅಂದ್ರು" ಎಂದೆ.

ಎರಡನೆಯ ಹಾಳೆ ಓದಿ ಮಡಚಿಟ್ಟರು. "ಇಂಥಾ ಪೋಸ್ಟ್ ನಮ್ಮಲ್ಲಿ ಇಲ್ಲ. ನಾ ಹುಟ್ಟಸಾಕೂ ಬರೂದಿಲ್ಲ." ಆಮೇಲೆ ಮಾಮಾ ಕಡೆ ತಿರುಗಿದರು. ದನಿಯಲ್ಲಿ ಕಟುತನ ಇರಲಿಲ್ಲ. "ಇಂವ ಬರದದ್ದು ಖರೇ ಇದ್ರ, ನೀವಿದ್ದಾಗೂ ಇವನೇ ಕುದಿಸ್ಯಾನ. ಖರೇ ಐತೇನ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಾಮಾ ಮೇಜಿನ ಮೇಲೆ ಕೈಯಾಡಿಸಿದರು. ಲ್ಯಾಬಿನವರು ಆಗಷ್ಟೇ ತಂದಿಟ್ಟ ಮಾದರಿಯ ಗಾಜು ಅಲ್ಲಿತ್ತು. ಅದನ್ನು ತೆಗೆದುಕೊಂಡು ಕಿಟಕಿಗೆ ಹಿಡಿದರು, ಎಂದಿನಂತೆ, ಎಂದಿನಷ್ಟೇ ಹೊತ್ತು. ನಂತರ ನನ್ನ ಮುಂದೆ ಚಾಚಿದರು.

"ಹೆಂಗ ಕಾಣ್ತೈತಿ?"

ಸಾಹೇಬರು ನನ್ನನ್ನು ನೋಡುತ್ತಿದ್ದರು. ನಾನು ಗಾಜನ್ನು ನೋಡಿದೆ. ಹೇಳದಿದ್ದರೆ ಮಾಮಾ ಸಾಹೇಬರ ಮುಂದೆ, ತಮ್ಮ ಬಾಯಿಂದ, ಕಾಣುವುದಿಲ್ಲ ಎನ್ನಬೇಕಾಗುತ್ತಿತ್ತು. ಅದೊಂದನ್ನು ಅವರು ನನಗೆ ಬಿಟ್ಟಿದ್ದರು.

"ಒಂದ ಸಮ ಐತ್ರಿ ಮಾಮಾ," ಎಂದೆ. "ಇಳಸಬಹುದು."

"ಹಾಂ," ಎಂದರು ಅವರು ಸಾಹೇಬರಿಗೆ, "ಖರೇ ಐತ್ರಿ."

ಹೊಸ ಪ್ಯಾನಿನ ಹುದ್ದೆ ನನಗೆ ಬಂತು. ಮಾಮಾಗೆ ಕಬ್ಬಿನ ಯಾರ್ಡಿನಲ್ಲಿ ಕೂತು ಮಾಡುವ ಹಗುರ ಕೆಲಸ ಕೊಡುತ್ತೇವೆ ಎಂದರು. ಬೇಸಿಗೆಯಲ್ಲಿ ನಾನು ಮಿರಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣಿನ ಹಿಂದಿನ ನರ ಒಣಗಿದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರು ಡಾಕ್ಟರು. ಬಸ್ಸಿನಲ್ಲಿ ಮಾಮಾ ಒಂದೇ ಮಾತು ಆಡಿದರು: "ಪ್ಯಾನ್ ಇಳಸೂದು ಗೊತ್ತಿದ್ದಂವಗ ತಾನ್ ಇಳಿಯೂದು ಗೊತ್ತಿರಬೇಕಲೇ." ಯಾರ್ಡಿನ ಕೆಲಸಕ್ಕೆ ಅವರು ಹೋಗಲಿಲ್ಲ. ರಾಜೀನಾಮೆ ಕೊಟ್ಟರು. ಅವರು ಹೇಳಿದರು, ಬರೆದವನು ನಾನು. ಹಾರ ಹಾಕುವ ಕಾರ್ಯಕ್ರಮ ಆಗಲಿಲ್ಲ. ಹಂಗಾಮು ಮುಗಿದು ಜನ ಊರಿಗೆ ಹೋಗಿದ್ದರು.

ಮುಂದೆ ಎಷ್ಟೋ ಜನರ ಕಾಗದ ಬರೆಸಿದೆ, ಎಷ್ಟೋ ಮೇಜುಗಳ ಮುಂದೆ ಅವರ ಪರ ಚೌಕಾಸಿ ಮಾಡಿದೆ. ಬಹಳ ಸಲ ಗೆದ್ದೆ. ಕಲಿಸುವುದೂ ಒಂದು ಕೆಲಸ, ಅದಕ್ಕೂ ಒಂದು ಹುದ್ದೆ ಇರಬೇಕು ಎಂಬ ಮಾತನ್ನು ಮಾತ್ರ ಯಾವ ಮೇಜಿಗೂ ಒಪ್ಪಿಸಲಾಗಲಿಲ್ಲ.

ಆದರೆ ಇದು ಮಾಮಾ ಕೆಲಸ ಬಿಟ್ಟ ಮರು ಹಂಗಾಮಿನ ಮಾತು. ಹೊಸ ಪ್ಯಾನಿನ ಮೊದಲ ಕುದಿ. ನನಗೆ ಕೊಟ್ಟ ಮೇಟ್ ನನ್ನ ವಯಸ್ಸಿನವನೇ, ಕರೋಶಿಯವನು. ಹನಿ ಪಾಕ ತೆಗೆದು ಗಾಜಿನ ಮೇಲೆ ಹರಡಿದೆ, ದೀಪಕ್ಕೆ ಹಿಡಿದೆ. ಕಾಳು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೂ ಕೈ ತಾನಾಗಿ ಗಾಜನ್ನು ಎಡಕ್ಕೆ, ಮಾಮಾ ನಿಲ್ಲುತ್ತಿದ್ದ ಕಡೆಗೆ ಚಾಚಿತು. ಅಲ್ಲಿ ನಿಂತಿದ್ದ ಮೇಟ್ ಅದನ್ನು ಇಸಿದುಕೊಂಡು ಬಾಗಿ ನೋಡಿದ.

"ಚೊಲೋ ಐತ್ರಿ ಮಾಮಾ," ಎಂದ.

ಮಾಮಾ ಬಂದರೇನೋ ಎಂದು ನಾನು ತಿರುಗಿ ಮೆಟ್ಟಿಲ ಕಡೆ ನೋಡಿದೆ.